ರಾತ್ರಿ ಬ್ಯಾಟರಿ ತಿಂದವರು ಯಾರು? ಸ್ಕ್ರೀನ್‌ಶಾಟ್ ಓದುವ ಬಗೆ

ಬೆಳಿಗ್ಗೆ ಏಳು ಗಂಟೆಗೆ ಅಕ್ಕ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಹಿಂದೆಯೇ ಮೆಸೇಜು: "ರಾತ್ರಿ 88 ಇತ್ತು ಕಣೋ, ಎದ್ದು ನೋಡಿದರೆ 67. ಆ ವಿಡಿಯೊ ಆ್ಯಪ್ ಶೇ. 34 ತಿಂದಿದೆಯಂತೆ. ತೆಗೆದೇ ಬಿಡಲಾ?"

ಸ್ಕ್ರೀನ್‌ಶಾಟಿನಲ್ಲಿ ವಿಡಿಯೊ ಆ್ಯಪ್ ಮೊದಲ ಸಾಲಿನಲ್ಲಿತ್ತು, ಶೇ. 34 ಅಂತಲೂ ಬರೆದಿತ್ತು. ಆದರೆ ರಾತ್ರಿ ಬ್ಯಾಟರಿ ಇಳಿದದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಕ್ಕ ಕಳಿಸಿದ್ದು ಹಿಂದಿನ 24 ಗಂಟೆಗಳ ಪಟ್ಟಿ. ಹಗಲು ಮೂರು ಗಂಟೆ ವಿಡಿಯೊ ನೋಡಿದ ಲೆಕ್ಕವೂ ರಾತ್ರಿ ಮಲಗಿದ ಮೇಲಿನ ಲೆಕ್ಕವೂ ಅದರಲ್ಲಿ ಒಟ್ಟಿಗೇ ಬೆರೆತಿದ್ದವು. ಪರದೆ ಬೆಳಗುತ್ತಿರುವಾಗ ಆಗುವ ಖರ್ಚಿನ ಮುಂದೆ ರಾತ್ರಿಯ ಖರ್ಚು ಯಾವಾಗಲೂ ಸಣ್ಣದು. ಹಾಗಾಗಿ ಇಡೀ ದಿನದ ಪಟ್ಟಿಯಲ್ಲಿ ರಾತ್ರಿಯ ಕಳ್ಳ ಮೂರನೆಯದೋ ನಾಲ್ಕನೆಯದೋ ಸಾಲಿನಲ್ಲಿ ತಣ್ಣಗೆ ಕೂತಿರುತ್ತಾನೆ.

ಅವನನ್ನು ಹಿಡಿಯಬೇಕೆಂದರೆ ಮೊದಲು ಸರಿಯಾದ ಸ್ಕ್ರೀನ್‌ಶಾಟ್ ಬೇಕು.

ಸ್ಕ್ರೀನ್‌ಶಾಟ್ ತೆಗೆಯುವುದು

ಮಲಗುವಾಗ ಫೋನನ್ನು ಚಾರ್ಜಿಗೆ ಹಾಕಬೇಡಿ. ಆಗಿನ ಸಮಯವನ್ನೂ ಬ್ಯಾಟರಿ ಎಷ್ಟಿದೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಅದಕ್ಕೆಂದು ಫೋನಿನಲ್ಲಿ ಇನ್ನೊಂದು ಆ್ಯಪ್ ತೆರೆಯುವುದು ಬೇಡ. ಬೆಳಿಗ್ಗೆ ಎದ್ದವರು ಚಾರ್ಜರ್ ಚುಚ್ಚುವುದಕ್ಕೆ ಮೊದಲೇ ಬ್ಯಾಟರಿ ಪುಟ ತೆರೆಯಿರಿ. ಕೆಲವು ಫೋನುಗಳಲ್ಲಿ ಈ ಲೆಕ್ಕ ಶುರುವಾಗುವುದೇ ಕೊನೆಯ ಪೂರ್ತಿ ಚಾರ್ಜಿನಿಂದ. ಚಾರ್ಜ್ ತುಂಬಿದ ಮೇಲೆ ಹೋಗಿ ನೋಡಿದರೆ ರಾತ್ರಿಯ ಕಥೆ ಅಲ್ಲಿಂದ ಮಾಯವಾಗಿರಬಹುದು.

ಆಂಡ್ರಾಯ್ಡ್‌ನಲ್ಲಿ ದಾರಿ Settings → Battery → Battery usage. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಆಚೀಚೆ ಆಗುತ್ತದೆ. ಸಿಗದಿದ್ದರೆ Settings ಒಳಗಿನ ಹುಡುಕುವ ಜಾಗದಲ್ಲಿ battery usage ಎಂದು ಹೊಡೆದರೆ ಸಾಕು. ಐಫೋನಿನಲ್ಲಿ Settings → Battery.

ಅಲ್ಲಿ ಮೇಲೊಂದು ಗ್ರಾಫ್, ಕೆಳಗೊಂದು ಆ್ಯಪ್‌ಗಳ ಪಟ್ಟಿ ಕಾಣುತ್ತದೆ. ಗ್ರಾಫಿನ ಕಂಬಗಳನ್ನು ಒತ್ತಬಹುದು ಎಂಬುದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಈಚಿನ ಆಂಡ್ರಾಯ್ಡ್ ಫೋನುಗಳು ಹಲವದರಲ್ಲಿ ದಿನವನ್ನು ಎರಡೆರಡು ಗಂಟೆಯ ತುಂಡುಗಳಾಗಿ ಕತ್ತರಿಸಿರುತ್ತಾರೆ. 24 ಗಂಟೆಯ ನೋಟ ಇರುವ ಐಫೋನುಗಳಲ್ಲಿ ಒಂದೊಂದು ಗಂಟೆಗೆ ಒಂದೊಂದು ಕಂಬ. ರಾತ್ರಿ ಎರಡರಿಂದ ನಾಲ್ಕರ ಕಂಬ ಒತ್ತಿದರೆ ಕೆಳಗಿನ ಪಟ್ಟಿ ಬದಲಾಗಿ, ಆ ಎರಡು ಗಂಟೆಯಲ್ಲಿ ಯಾರು ಎಷ್ಟು ತಿಂದರು ಎಂಬುದಷ್ಟೇ ಉಳಿಯುತ್ತದೆ. ನಮಗೆ ಬೇಕಾದ ಸ್ಕ್ರೀನ್‌ಶಾಟ್ ಅದು. ಎರಡರಿಂದ ನಾಲ್ಕೇ ಯಾಕೆಂದರೆ, ಮಲಗುವ ಮೊದಲು ಫೋನ್ ಉಜ್ಜಿದ್ದು, ಎದ್ದ ಕೂಡಲೇ ಮೆಸೇಜು ನೋಡಿದ್ದು ಎರಡೂ ಅದರಲ್ಲಿ ಸೇರುವುದಿಲ್ಲ.

ಜೊತೆಗೆ ಇಡೀ ರಾತ್ರಿಯ ಗ್ರಾಫಿನದ್ದೊಂದು ಸ್ಕ್ರೀನ್‌ಶಾಟ್, ಅನುಮಾನ ಬಂದ ಆ್ಯಪ್‌ನ ಹೆಸರು ಒತ್ತಿದಾಗ ತೆರೆಯುವ ಪುಟದ್ದೊಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಬೇರೆಯವರಿಗೆ ತೋರಿಸುವುದಾದರೆ ಕಳಿಸುವ ಮೊದಲು ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿ. ನಿಮ್ಮ ಬ್ಯಾಂಕ್ ಯಾವುದು, ಯಾವ ಕಾಯಿಲೆಯ ಲೆಕ್ಕ ಇಡುತ್ತೀರಿ ಎಂಬುದೆಲ್ಲ ಆ ಪಟ್ಟಿಯಿಂದ ಗೊತ್ತಾಗಿಬಿಡುತ್ತದೆ.

ಶೇಕಡಾ ಯಾವುದರ ಶೇಕಡಾ?

ಜನ ಎಡವುವುದು ಇಲ್ಲೇ. ಪಟ್ಟಿಯಲ್ಲಿ "52%" ಎಂದಿದ್ದರೆ ಆ ಆ್ಯಪ್ ಅರ್ಧ ಬ್ಯಾಟರಿ ನುಂಗಿತು ಎಂದು ಓದಿಕೊಳ್ಳುತ್ತೇವೆ. ಐಫೋನಿನಲ್ಲೂ ಈಚಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲೂ ಅದು ಬ್ಯಾಟರಿಯ ಶೇಕಡಾ ಅಲ್ಲ, ಆ ಅವಧಿಯಲ್ಲಿ ಆದ ಖರ್ಚಿನಲ್ಲಿ ಆ್ಯಪ್‌ನ ಪಾಲು. ಎರಡು ಗಂಟೆಯಲ್ಲಿ ಬ್ಯಾಟರಿ 79ರಿಂದ 73ಕ್ಕೆ, ಅಂದರೆ 6 ಅಂಕ ಇಳಿದಿದೆ ಎಂದುಕೊಳ್ಳಿ. ಅದರಲ್ಲಿ ಶೇ. 52 ಎಂದರೆ ಮೂರು ಅಂಕ ಚಿಲ್ಲರೆ. ಅದೇ ಎರಡು ಗಂಟೆಯಲ್ಲಿ ಬ್ಯಾಟರಿ ಬರೀ 1 ಅಂಕ ಇಳಿದಿದ್ದರೆ, ಅದೇ ಶೇ. 52 ಅರ್ಧ ಅಂಕವಾಗುತ್ತದೆ. ಅಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಾಗಾಗಿ ಶೇಕಡಾ ಓದುವ ಮೊದಲು ಗ್ರಾಫಿನಿಂದ ಒಂದು ಸಂಖ್ಯೆ ತೆಗೆದುಕೊಳ್ಳಬೇಕು: ಆ ಅವಧಿಯಲ್ಲಿ ಬ್ಯಾಟರಿ ಎಷ್ಟು ಅಂಕ ಇಳಿಯಿತು? ಆಮೇಲೆ ಗುಣಾಕಾರ.

```
ಆ್ಯಪ್ ತಿಂದದ್ದು = ಇಳಿದ ಅಂಕ × ಪಾಲು ÷ 100
6 × 52 ÷ 100 = 3.1
```

ಎಲ್ಲ ಫೋನೂ ಹೀಗೇ ತೋರಿಸುವುದಿಲ್ಲ. ಕೆಲವು ಫೋನುಗಳು, ಅದರಲ್ಲೂ ಹಳೆಯ ಆಂಡ್ರಾಯ್ಡ್‌ನವು, ಪಾಲಿನ ಬದಲು ನೇರವಾಗಿ ಬ್ಯಾಟರಿಯ ಅಂಕವನ್ನೇ ಬರೆಯುತ್ತವೆ. ನಿಮ್ಮದು ಯಾವ ಜಾತಿ ಎಂದು ತಿಳಿಯಲು ಪಟ್ಟಿಯ ಸಂಖ್ಯೆಗಳನ್ನು ಕೂಡಿಸಿ ನೋಡಿ. ಮೊತ್ತ 100ರ ಆಸುಪಾಸಿಗೆ ಬಂದರೆ ಅದು ಪಾಲು, ಗುಣಿಸಬೇಕು. ಗ್ರಾಫಿನಲ್ಲಿ ಇಳಿದ ಅಂಕದ ಆಸುಪಾಸಿಗೆ ಬಂದರೆ ಅದೇ ಅಂಕ, ಗುಣಿಸಬೇಕಿಲ್ಲ. ಆ್ಯಪ್‌ಗಳ ಪಟ್ಟಿಯನ್ನೂ ಸಿಸ್ಟಂ ಪಟ್ಟಿಯನ್ನೂ ಬೇರೆ ಬೇರೆಯಾಗಿ ತೋರಿಸುವ ಫೋನಾದರೆ ಎರಡನ್ನೂ ಸೇರಿಸಿ ಕೂಡಬೇಡಿ. ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿ.

ಬಂದ ಉತ್ತರವನ್ನು ದಶಾಂಶದವರೆಗೂ ನಂಬಬೇಡಿ. ಹೆಚ್ಚಿನ ಫೋನುಗಳಲ್ಲಿ ಆ್ಯಪ್‌ಗೊಂದು ಮೀಟರ್ ಇರುವುದಿಲ್ಲ. ಪ್ರೊಸೆಸರ್ ಇಷ್ಟು ಹೊತ್ತು ಓಡಿತು, ಜಿಪಿಎಸ್ ಇಷ್ಟು ಹೊತ್ತು ಉರಿಯಿತು, ಅದು ಈ ಆ್ಯಪ್‌ಗಾಗಿ ಎಂದು ಲೆಕ್ಕ ಹಾಕಿ, ಆಯಾ ಭಾಗಕ್ಕೆ ತಯಾರಕರು ಮೊದಲೇ ಗೊತ್ತುಮಾಡಿಟ್ಟ ದರದಲ್ಲಿ ಫೋನ್ ಬಿಲ್ಲು ಹಚ್ಚುತ್ತದೆ. 3.1 ಎಂಬುದನ್ನು "ಸುಮಾರು ಮೂರು" ಎಂದು ಓದಿ. ಒಂದೂವರೆಗೂ ಎರಡಕ್ಕೂ ನಡುವೆ ಜಗಳ ಕಾಯುವುದರಲ್ಲಿ ಅರ್ಥವಿಲ್ಲ.

ಗ್ರಾಫಿನ ಇಳಿಜಾರು

ಪಟ್ಟಿಗೆ ಹೋಗುವ ಮುಂಚೆ ಗ್ರಾಫನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಅಕ್ಕನ ಫೋನಿನಲ್ಲಿ ರಾತ್ರಿ 11ಕ್ಕೆ 88, ಹನ್ನೆರಡಕ್ಕೆ 85, ಎರಡಕ್ಕೆ 79, ನಾಲ್ಕಕ್ಕೆ 73, ಆರಕ್ಕೆ 67. ಗಂಟೆಗೆ ಮೂರು ಅಂಕದಂತೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಮಲಗಿದ ಫೋನು ಹೀಗೆ ಇಳಿಯುವುದಿಲ್ಲ. ವೈಫೈ ಇದ್ದು ಸಿಗ್ನಲ್ ಚೆನ್ನಾಗಿದ್ದರೆ ಏಳೆಂಟು ಗಂಟೆಗೆ ಮೂರರಿಂದ ಆರು ಅಂಕ ಹೋಗುವುದು ಸಹಜ ಎಂದು ನಾನು ಎಣಿಸುತ್ತೇನೆ. ಹತ್ತು ದಾಟಿದರೆ ಹುಡುಕಲು ಕೂರುತ್ತೇನೆ.

ಅಷ್ಟು ಕಡಿಮೆ ಸಾಲುವುದಕ್ಕೆ ಕಾರಣವಿದೆ. ಆಂಡ್ರಾಯ್ಡ್‌ನಲ್ಲಿ 2015ರಲ್ಲಿ ಬಂದ 6ನೇ ಆವೃತ್ತಿಯಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಚಾರ್ಜರ್ ಇಲ್ಲದೆ, ಪರದೆ ಆರಿ, ಫೋನು ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನೆಲ್ಲ ಅದು ತಡೆದು ನಿಲ್ಲಿಸಿ, ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಬಾಗಿಲು ತೆರೆದು ಎಲ್ಲರ ಕೆಲಸವನ್ನೂ ಒಟ್ಟಿಗೆ ಮುಗಿಸಿಕೊಳ್ಳಲು ಬಿಡುತ್ತದೆ. ರಾತ್ರಿ ಹೊತ್ತಾದಂತೆ ಬಾಗಿಲು ತೆರೆಯುವ ನಡುವಿನ ಅಂತರವೂ ಹೆಚ್ಚುತ್ತದೆ. ಆರೋಗ್ಯವಾಗಿರುವ ಫೋನಿನ ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಗಿರುವುದು ಅದಕ್ಕೇ.

ಅಕ್ಕನ ಫೋನಿನ ಹಾಗೆ ಒಂದೇ ಸಮನೆ ಇಳಿದರೆ, ಯಾವುದೋ ಒಂದು ಫೋನನ್ನು ಇಡೀ ರಾತ್ರಿ ಮಲಗಲು ಬಿಟ್ಟಿಲ್ಲ. ಅದು ಜಾಗ ಪತ್ತೆಹಚ್ಚುತ್ತ ಕೂತ ಆ್ಯಪ್ ಇರಬಹುದು, ಶಬ್ದವಿಲ್ಲದೆ ಓಡುತ್ತಿರುವ ಆಡಿಯೊ ಇರಬಹುದು, ಸಿಗ್ನಲ್ ಹುಡುಕಿ ಸುಸ್ತಾದ ರೇಡಿಯೊ ಇರಬಹುದು. ಗೆರೆ ಚಪ್ಪಟೆಯಾಗಿಯೇ ಬಂದು ಒಂದು ಕಡೆ ಮೆಟ್ಟಿಲಿನ ಹಾಗೆ ಧುಪ್ಪೆಂದು ಇಳಿದಿದ್ದರೆ ಅದು ಒಮ್ಮೆ ಆಗಿ ಮುಗಿದ ಕೆಲಸ, ಉದಾಹರಣೆಗೆ ಫೋಟೊ ಬ್ಯಾಕಪ್. ಆಗ ಎರಡರಿಂದ ನಾಲ್ಕರ ತುಂಡು ಹಿಡಿದು ಕೂರದೆ, ಮೆಟ್ಟಿಲು ಇರುವ ತುಂಡನ್ನೇ ಒತ್ತಿ. ಫೋನಿನ ಸಿಸ್ಟಂ ಅಪ್‌ಡೇಟ್ ಆದ ಮೊದಲೊಂದೆರಡು ದಿನ, ಹೊಸ ಫೋನಿಗೆ ಹಳೆಯದರ ಮಾಹಿತಿ ತುಂಬಿದ ಮೊದಲೊಂದೆರಡು ದಿನ ಯಾವ ಗ್ರಾಫನ್ನೂ ನಂಬಬೇಡಿ. ಒಳಗೆ ಜೋಡಿಸುವ ಕೆಲಸ ನಡೆಯುತ್ತಿರುತ್ತದೆ, ತಾನಾಗಿ ತಣ್ಣಗಾಗುತ್ತದೆ.

ಅಕ್ಕನ ಎರಡನೇ ಸ್ಕ್ರೀನ್‌ಶಾಟ್

ಕಂಬ ಒತ್ತಿ ಮತ್ತೆ ಕಳಿಸು ಅಂದೆ. ಎರಡರಿಂದ ನಾಲ್ಕರ ಪಟ್ಟಿಯಲ್ಲಿ ವಿಡಿಯೊ ಆ್ಯಪ್‌ನ ಸುಳಿವೇ ಇರಲಿಲ್ಲ. ಮೊದಲ ಸಾಲಿನಲ್ಲಿ ಹೆಜ್ಜೆ ಎಣಿಸುವ, ನಡೆದ ದಾರಿ ತೋರಿಸುವ ಒಂದು ವಾಕಿಂಗ್ ಆ್ಯಪ್, ಶೇ. 52. ಆಮೇಲೆ Google Play services ಶೇ. 17, ಮೆಸೇಜಿನ ಆ್ಯಪ್ ಶೇ. 9, ಉಳಿದ 22 ಚೂರುಪಾರು. ಇಡೀ ದಿನದ ಪಟ್ಟಿಯಲ್ಲಿ ಇದೇ ವಾಕಿಂಗ್ ಆ್ಯಪ್ ಶೇ. 17 ಎಂದು ಕೆಳಗೆಲ್ಲೋ ಅಡಗಿತ್ತು.

ಗುಣಾಕಾರ ಮಾಡಿದರೆ ವಾಕಿಂಗ್ ಆ್ಯಪ್‌ಗೆ ಎರಡು ಗಂಟೆಗೆ ಸುಮಾರು ಮೂರು ಅಂಕ. ಇಡೀ ರಾತ್ರಿಯ 21ರಲ್ಲಿ ಹತ್ತು ಹನ್ನೊಂದು ಅಂಕ ಅದರದ್ದೇ. ಮೆಸೇಜಿನ ಆ್ಯಪ್‌ಗೆ ಅರ್ಧ ಅಂಕ. ಅದನ್ನು ಅದರ ಪಾಡಿಗೆ ಬಿಡಬಹುದು.

ಈಗ ಆ್ಯಪ್‌ನ ಹೆಸರು ಒತ್ತಿ ಒಳಪುಟ ನೋಡಬೇಕು. ಅಲ್ಲಿ ಎರಡು ಸಮಯ ಇರುತ್ತವೆ: ಪರದೆಯ ಮೇಲೆ ಇದ್ದ ಹೊತ್ತು, Background ಎಂದು ತೋರಿಸುವ ಹಿನ್ನೆಲೆಯ ಹೊತ್ತು. ಅಕ್ಕನ ಫೋನಿನಲ್ಲಿ ಪರದೆಯ ಹೊತ್ತು ಸೊನ್ನೆ, ಹಿನ್ನೆಲೆ 1 ಗಂಟೆ 56 ನಿಮಿಷ. ಎರಡು ಗಂಟೆಯ ತುಂಡಿನಲ್ಲಿ ನಾಲ್ಕು ನಿಮಿಷ ಬಿಟ್ಟು ಉಳಿದಷ್ಟೂ ಹೊತ್ತು ಅದು ಎದ್ದೇ ಇತ್ತು. ಮೆಸೇಜಿನ ಆ್ಯಪ್‌ಗೆ ಅದೇ ತುಂಡಿನಲ್ಲಿ ಹಿನ್ನೆಲೆ ಮೂರು ನಿಮಿಷ. ಸುಮ್ಮನೆ ಎದ್ದು ಮಲಗುವವರಿಗೂ ರಾತ್ರಿಯಿಡೀ ಕಣ್ಣು ಮುಚ್ಚದವರಿಗೂ ಇರುವ ವ್ಯತ್ಯಾಸ ಇದು. ನನ್ನ ಮಟ್ಟಿಗೆ ಇಡೀ ಸ್ಕ್ರೀನ್‌ಶಾಟಿನಲ್ಲಿ ಶೇಕಡಾಗಿಂತ ಹೆಚ್ಚು ಮಾತಾಡುವುದು ಈ ನಿಮಿಷಗಳೇ. ಐಫೋನಿನಲ್ಲಿ ಆ್ಯಪ್‌ನ ಹೆಸರಿನ ಕೆಳಗೆ Background Activity ಎಂದಿದ್ದರೆ ಅರ್ಥ ಅದೇ. Audio ಎಂದಿದ್ದರೆ ಹಾಡೋ ಭಾಷಣವೋ ಓಡುತ್ತಲೇ ಇತ್ತು ಎಂದು.

"ನಿನ್ನೆ ಸಂಜೆ ವಾಕಿಂಗ್ ಹೋಗಿದ್ದೆಯಾ?" ಕೇಳಿದೆ.

"ಹೂಂ, ಏಳೂವರೆಗೆ."

"ಬಂದ ಮೇಲೆ ಆ್ಯಪ್‌ನಲ್ಲಿ ಸ್ಟಾಪ್ ಒತ್ತಿದೆಯಾ?"

ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ, "ಮೇಲಿಂದ ನೋಟಿಫಿಕೇಶನ್ ಸರಿಸಿ ತೆಗೆದೆನಲ್ಲ."

ನಡೆದ ದಾರಿ ಅಳೆಯುವ ಆ್ಯಪ್ ಓಡುತ್ತಿರುವಾಗ ಒಂದು ನೋಟಿಫಿಕೇಶನ್ ಅಂಟಿಕೊಂಡಿರುತ್ತದೆ. ಹಿಂದೆಲ್ಲ ಅದನ್ನು ಸರಿಸಿದರೂ ಹೋಗುತ್ತಿರಲಿಲ್ಲ. ಆಂಡ್ರಾಯ್ಡ್ 13ರಿಂದ ಅದನ್ನು ಸರಿಸಿ ತೆಗೆಯಬಹುದು. ಆದರೆ ಹೋಗುವುದು ನೋಟಿಫಿಕೇಶನ್ ಮಾತ್ರ. ಒಳಗಿನ ಕೆಲಸ ನಿಲ್ಲುವುದಿಲ್ಲ. ಅಕ್ಕ ಮಂಚದ ಮೇಲೆ ಮಲಗಿದ್ದಳು, ಆ್ಯಪ್ ಮಾತ್ರ ಅವಳು ಇನ್ನೂ ನಡೆಯುತ್ತಿದ್ದಾಳೆ ಎಂದುಕೊಂಡು ಬೆಳಗಿನವರೆಗೆ ಜಿಪಿಎಸ್ ಉರಿಸಿತು. ಆ್ಯಪ್ ತೆರೆದು ನೋಡಿದಾಗ "ನಡಿಗೆಯ ಸಮಯ 11 ಗಂಟೆ 40 ನಿಮಿಷ" ಎಂದಿತ್ತಂತೆ.

ನಿಲ್ಲಿಸುವುದು

ಆಂಡ್ರಾಯ್ಡ್ 13 ಮತ್ತು ಅದರ ಮೇಲಿನ ಫೋನುಗಳಲ್ಲಿ ಮೇಲಿಂದ ಎರಡು ಸಲ ಕೆಳಕ್ಕೆ ಎಳೆದರೆ, ವೈಫೈ ಮುಂತಾದ ಬಟನ್‌ಗಳ ಹತ್ತಿರ ಈಗ ಓಡುತ್ತಿರುವ ಆ್ಯಪ್‌ಗಳ ಸಂಖ್ಯೆ ಕಾಣುತ್ತದೆ. ಅದನ್ನು ಒತ್ತಿದರೆ Active apps ಪಟ್ಟಿ, ಪಕ್ಕದಲ್ಲಿ Stop. ನೋಟಿಫಿಕೇಶನ್ ಸರಿಸಿ ಕಳೆದುಕೊಂಡವರಿಗೆ ಇರುವ ಹಿಂಬಾಗಿಲು ಇದು. ಇತ್ತೀಚಿನ ಆ್ಯಪ್‌ಗಳ ಪರದೆಯಿಂದ ಆ್ಯಪ್ ಅನ್ನು ಮೇಲಕ್ಕೆ ತಳ್ಳಿದರೆ ಇಂಥ ಕೆಲಸ ನಿಲ್ಲುತ್ತದೆ ಎಂಬ ಖಾತ್ರಿಯಿಲ್ಲ.

ಮತ್ತೆ ಹೀಗಾಗದಿರಲು ಎರಡು ಕಡೆ ಕೈ ಹಾಕಬಹುದು. ಒಂದು, ಜಾಗದ ಅನುಮತಿ. ಆ್ಯಪ್‌ಗೆ Allow all the time ಕೊಟ್ಟಿದ್ದರೆ Allow only while using the app ಮಾಡಿ. ಆದರೆ ಇದು ತಾನಾಗಿ ಎದ್ದು ಜಾಗ ಕೇಳುವ ಆ್ಯಪ್‌ಗಷ್ಟೇ ಮದ್ದು. ನೀವೇ ಶುರುಮಾಡಿ ನಿಲ್ಲಿಸದೆ ಬಿಟ್ಟ ನಡಿಗೆಯನ್ನು ಫೋನು "ಬಳಕೆಯಲ್ಲಿದೆ" ಎಂದೇ ಎಣಿಸುತ್ತದೆ. ಅಕ್ಕನಿಗೆ ಬೇಕಾದದ್ದು ಆ್ಯಪ್‌ನ ಒಳಗೇ ಇತ್ತು: ಸ್ವಲ್ಪ ಹೊತ್ತು ಅಲುಗಾಡದಿದ್ದರೆ ತಾನೇ ನಿಲ್ಲುವ ಆಯ್ಕೆ.

ಎರಡನೆಯದು ಆ್ಯಪ್‌ನ ಬ್ಯಾಟರಿ ಪುಟದಲ್ಲಿ ಅನೇಕ ಆಂಡ್ರಾಯ್ಡ್ ಫೋನುಗಳು ತೋರಿಸುವ ಮೂರು ಆಯ್ಕೆಗಳು: Unrestricted, Optimized, Restricted. ಸಾಮಾನ್ಯವಾಗಿ ಎಲ್ಲವೂ ನಡುವಿನದರಲ್ಲಿರುತ್ತವೆ, ಅದೇ ಸರಿ. ರಾತ್ರಿ ತಿನ್ನುವ ಆ್ಯಪ್ Unrestrictedನಲ್ಲಿ ಇದ್ದರೆ ಮೊದಲು ಅದನ್ನು ನಡುವೆ ತನ್ನಿ. Restricted ಮಾಡಿದರೆ ಆ ಆ್ಯಪ್‌ನ ನೋಟಿಫಿಕೇಶನ್ ತಡವಾಗಬಹುದು, ಬರದೆಯೂ ಇರಬಹುದು. ಶಾಪಿಂಗ್, ಆಟಗಳ ಆ್ಯಪ್‌ಗೆ ಧಾರಾಳವಾಗಿ ಮಾಡಿ. ಮೆಸೇಜು, ಅಲಾರಂ, ಔಷಧಿ ನೆನಪಿಸುವ ಆ್ಯಪ್, ಸಕ್ಕರೆ ಮಟ್ಟ ನೋಡುವ ಸಾಧನದ ಆ್ಯಪ್ ಇವನ್ನು ಮುಟ್ಟಬೇಡಿ. ಐಫೋನಿನಲ್ಲಿ Settings → General → Background App Refresh ಒಳಗೆ ಆ್ಯಪ್‌ಗೊಂದು ಸ್ವಿಚ್ ಇದೆ.

ಒಂದು ರಾತ್ರಿಗೆ ಒಂದೇ ಬದಲಾವಣೆ ಮಾಡಿ. ಉತ್ಸಾಹದಲ್ಲಿ ಐದು ಆ್ಯಪ್ ತೆಗೆದು, ನಾಲ್ಕು ಸ್ವಿಚ್ ಆರಿಸಿ ಮಲಗಿದರೆ ಬೆಳಿಗ್ಗೆ ಬ್ಯಾಟರಿ ಉಳಿದಿರುತ್ತದೆ, ಆದರೆ ಯಾವುದರಿಂದ ಉಳಿಯಿತು ಎಂದು ತಿಳಿಯುವುದಿಲ್ಲ.

ಮರುದಿನದ ಗಾಬರಿ

ಮಾರನೆಯ ರಾತ್ರಿ 11ಕ್ಕೆ 90 ಇದ್ದದ್ದು ಬೆಳಿಗ್ಗೆ ಆರಕ್ಕೆ 84. ಏಳು ಗಂಟೆಗೆ ಆರೇ ಅಂಕ. ನಾನು ಕೆಲಸ ಮುಗಿಯಿತು ಅಂದುಕೊಂಡೆ. ಅಕ್ಕ ಮತ್ತೆ ಸ್ಕ್ರೀನ್‌ಶಾಟ್ ಕಳಿಸಿದಳು: "ಅದು ನಿಂತಿತು, ಈಗ ಗೂಗಲ್ ಪ್ಲೇ ಸರ್ವಿಸಸ್ ಹೆಚ್ಚಾಗಿದೆ ನೋಡು. ನಿನ್ನೆ 17 ಇತ್ತು, ಇವತ್ತು 31!"

ಮತ್ತೆ ಅದೇ ಗುಣಾಕಾರ. ಹಿಂದಿನ ರಾತ್ರಿ ಆ ಎರಡು ಗಂಟೆಯಲ್ಲಿ ಇಳಿದದ್ದು 6 ಅಂಕ, ಅದರ ಶೇ. 17 ಎಂದರೆ ಒಂದು ಅಂಕ. ಈ ರಾತ್ರಿ ಇಳಿದದ್ದು 2 ಅಂಕ, ಅದರ ಶೇ. 31 ಎಂದರೆ 0.6. ಪಾಲು ಹೆಚ್ಚುಕಡಿಮೆ ಇಮ್ಮಡಿಯಾಗಿದೆ, ತಿಂದದ್ದು ಮಾತ್ರ ಕಡಿಮೆಯಾಗಿದೆ. ಪಂಕ್ತಿಯಲ್ಲಿ ಹೊಟ್ಟೆಬಾಕ ಎದ್ದುಹೋದರೆ ಉಳಿದವರೆಲ್ಲ ಹೆಚ್ಚು ತಿಂದವರ ಹಾಗೆ ಕಾಣುತ್ತಾರೆ, ಅಷ್ಟೇ.

ಈ Google Play services ಹೆಸರು ನೋಡಿ ಹೆದರುವವರು ಬಹಳ. ಅದು ನೀವು ಹಾಕಿಕೊಂಡ ಆ್ಯಪ್ ಅಲ್ಲ. ಬೇರೆ ಆ್ಯಪ್‌ಗಳ ಪರವಾಗಿ ಜಾಗ ಹುಡುಕುವುದು, ನೋಟಿಫಿಕೇಶನ್ ತಲುಪಿಸುವುದು, ಖಾತೆಗಳನ್ನು ಹೊಂದಿಸುವುದು ಇಂಥ ಚಾಕರಿ ಮಾಡುವ ಭಾಗ. ಅದರ ಬಿಲ್ಲಿನಲ್ಲಿ ಬೇರೆಯವರ ಊಟವೂ ಸೇರಿರುತ್ತದೆ. ಅದನ್ನು ನಿಲ್ಲಿಸಲು ಹೋದರೆ ನೋಟಿಫಿಕೇಶನ್ ಬರುವುದೇ ಕೆಟ್ಟುಹೋಗುತ್ತದೆ. ಗುಣಿಸಿದ ಮೇಲೂ ಅದು ನಿಜವಾಗಿ ದೊಡ್ಡದಾಗಿ ಕಂಡರೆ, ಜಾಗದ ಅನುಮತಿ ಯಾರು ಯಾರಿಗೆ ಸದಾಕಾಲ ಕೊಟ್ಟಿದ್ದೀರಿ, ಯಾವ ಖಾತೆಯ ಸಿಂಕ್ ಮುಗಿಯದೆ ಸುತ್ತುತ್ತಿದೆ ಎಂದು ಹುಡುಕಿ.

ಪಟ್ಟಿಯಲ್ಲಿ ಕಳ್ಳನೇ ಇಲ್ಲದಿದ್ದರೆ

ಕೆಲವೊಮ್ಮೆ ಗೆರೆ ಜಾರುತ್ತಿರುತ್ತದೆ, ಪಟ್ಟಿಯಲ್ಲಿ ಮಾತ್ರ ಯಾರ ಹಿನ್ನೆಲೆ ನಿಮಿಷವೂ ಹತ್ತು ದಾಟಿರುವುದಿಲ್ಲ. ಆಗ ಸಿಸ್ಟಂ ಪಟ್ಟಿಯಲ್ಲಿ Mobile network ಎಷ್ಟಿದೆ ನೋಡಿ. ಐಫೋನಿನಲ್ಲಾದರೆ No Cell Coverage ಅಥವಾ Low Signal ಎಂಬ ಸಾಲು. ಸಿಗ್ನಲ್ ಕ್ಷೀಣವಾಗಿರುವ ಕೋಣೆಯಲ್ಲಿ ಫೋನು ಟವರಿಗೆ ಕೇಳಿಸುವ ಹಾಗೆ ಜೋರಾಗಿ ಕೂಗಬೇಕು, ಮತ್ತೆ ಮತ್ತೆ ಟವರ್ ಹುಡುಕಬೇಕು. ಯಾವ ಆ್ಯಪ್ ತೆಗೆದರೂ ಇದು ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಒಂದು ರಾತ್ರಿ ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಮತ್ತೆ ಆನ್ ಮಾಡಿ ಮಲಗಿ. ಅಲಾರಂ ಹೊಡೆಯುತ್ತದೆ, ಆದರೆ ಮಾಮೂಲಿ ಕರೆಗಳು ಬರುವುದಿಲ್ಲ. ತುರ್ತು ಕರೆ ಬರಬಹುದಾದ ರಾತ್ರಿ ಈ ಪ್ರಯೋಗ ಬೇಡ. 15 ಅಂಕ ಇಳಿಯುತ್ತಿದ್ದದ್ದು 4ಕ್ಕೆ ಬಂದರೆ ಕಾರಣ ಕೋಣೆಯದ್ದೇ. ರಾತ್ರಿ ಫೋನಿಡುವ ಜಾಗವನ್ನು ಕಿಟಕಿಯ ಹತ್ತಿರಕ್ಕೆ ಬದಲಿಸಿ ನೋಡಿ.

ಅದೂ ಅಲ್ಲ ಎಂದಾದರೆ ಬ್ಯಾಟರಿಗೇ ವಯಸ್ಸಾಗಿರಬಹುದು. ಹೊಸದರಲ್ಲಿ 5000 ಎಂಎಎಚ್ ಇದ್ದ ಬ್ಯಾಟರಿಯಲ್ಲಿ ಒಂದು ಅಂಕ ಎಂದರೆ 50 ಎಂಎಎಚ್. ಅದು ಸವೆದು ಶೇ. 80ಕ್ಕೆ ಬಂದಿದ್ದರೆ ಅದೇ ಒಂದು ಅಂಕ 40 ಎಂಎಎಚ್ ಮಾತ್ರ. ಆ್ಯಪ್‌ಗಳು ಮೊದಲಿನಷ್ಟೇ ತಿಂದರೂ ಅಂಕಗಳು ಬೇಗ ಉದುರುತ್ತವೆ. ಗ್ರಾಫಿನಲ್ಲಿ ಇದರ ಗುರುತು ಬೇರೆ ಥರ: ಪರದೆ ಆರಿದ್ದು, ಯಾವ ಆ್ಯಪ್ ಓಡದಿದ್ದರೂ ಕೆಲವೇ ನಿಮಿಷದಲ್ಲಿ 30ರಿಂದ 12ಕ್ಕೆ ಬಿದ್ದಿರುತ್ತದೆ, ಚಾರ್ಜರ್ ಚುಚ್ಚಿದ ಕೂಡಲೇ ಇಪ್ಪತ್ತಕ್ಕೆ ಹಾರುತ್ತದೆ. ಅಂಥ ಸ್ಕ್ರೀನ್‌ಶಾಟಿನಲ್ಲಿ ಕೆಳಗಿನ ಪಟ್ಟಿ ನೋಡುವ ಅಗತ್ಯವೇ ಇಲ್ಲ. ಗ್ರಾಫನ್ನು ಬ್ಯಾಟರಿ ಬದಲಿಸುವವರಿಗೆ ತೋರಿಸಿ.